ಸ್ಕ್ರೀನ್‌ಶಾಟ್‌ನಲ್ಲಿ ಬ್ಯಾಂಕ್ ಮೆಸೇಜ್, ಒಟಿಪಿ ಸಿಕ್ಕಿಕೊಳ್ಳದ ಹಾಗೆ ಏನು ಮಾಡಬೇಕು?

ಪ್ರಶ್ನೆ: ಬೆಳಿಗ್ಗೆ ಕರೆಂಟ್ ಬಿಲ್ ಕಟ್ಟಿ ಅದರ ಸ್ಕ್ರೀನ್‌ಶಾಟನ್ನು ನಮ್ಮ ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಆಮೇಲೆ ನೋಡಿದರೆ ಮೇಲ್ಗಡೆ ಬ್ಯಾಂಕ್ ಮೆಸೇಜೂ ಬಂದಿದೆ. ಒಟಿಪಿ ಬಂದಿದ್ದರೆ ಏನು ಗತಿ? ಇನ್ನು ಮುಂದೆ ಹೀಗಾಗದ ಹಾಗೆ ಏನು ಮಾಡಲಿ?

ಉತ್ತರ:

ಮೊದಲು ಆ ಚಿತ್ರವನ್ನು ಗ್ರೂಪಿನಿಂದ ತೆಗೆಯಿರಿ. ಒತ್ತಿ ಹಿಡಿದು Delete for everyone ಕೊಡಿ. ಗಾಬರಿಯಲ್ಲಿ Delete for me ಒತ್ತಬೇಡಿ. ಆಗ ನಿಮಗೆ ಮಾತ್ರ ಕಾಣುವುದಿಲ್ಲ, ಉಳಿದವರಿಗೆಲ್ಲ ಕಾಣುತ್ತಲೇ ಇರುತ್ತದೆ. ಹಾಕಿ ಎರಡು ದಿನದ ಒಳಗಾದರೆ ಎಲ್ಲರಿಗೂ ಅಳಿಸಬಹುದು. ಆದರೆ ಐಫೋನ್ ಇರುವವರ ಫೋಟೋಗಳ ಜೊತೆ ಅದು ಆಗಲೇ ಸೇವ್ ಆಗಿದ್ದರೆ ಅಲ್ಲಿ ಉಳಿದುಬಿಡಬಹುದು.

ನಮ್ಮ ಚಿಕ್ಕಮ್ಮನಿಗೂ ಇದೇ ಆಯಿತು. ಅವರು ಮಂಡ್ಯದಲ್ಲಿದ್ದಾರೆ. ಮಹಿಳಾ ಸಂಘದ ಕಂತು 2,000 ರೂಪಾಯಿಯನ್ನು ಯುಪಿಐನಲ್ಲಿ ಕಟ್ಟಿ, ಹಸಿರು ಟಿಕ್ ಬಂದ ತಕ್ಷಣ ಸ್ಕ್ರೀನ್‌ಶಾಟ್ ತೆಗೆದು ಸಂಘದ ಗ್ರೂಪಿಗೆ ಹಾಕಿದರು. ಅದರ ಮೇಲ್ಗಡೆ ಬಿಳಿ ಪಟ್ಟಿಯೊಂದು ಇಳಿದಿತ್ತು. ಖಾತೆಯ ಕೊನೆಯ ನಾಲ್ಕು ಅಂಕಿ, 2,000 ಹೋಗಿದೆ ಅನ್ನೋ ಮಾತು, ಪಕ್ಕದಲ್ಲೇ Avl Bal ಅಂತ ಉಳಿದ ಹಣ. ಕಬ್ಬಿನ ದುಡ್ಡು ಬಂದು ವಾರ ಆಗಿತ್ತಷ್ಟೇ. ಸಂಜೆಗೆ ಸಂಘದವರೊಬ್ಬರು ಮನೆಗೆ ಬಂದು ಐವತ್ತು ಸಾವಿರ ಸಾಲ ಕೇಳಿದರು. ದುಡ್ಡಿಲ್ಲ ಅನ್ನೋ ಹಾಗೂ ಇಲ್ಲ. ಚಿಕ್ಕಮ್ಮ ರಾತ್ರಿ ನನಗೆ ಫೋನ್ ಮಾಡಿ, 'ಇವರಿಗೆ ಹೆಂಗೆ ಗೊತ್ತಾಯ್ತು ಮಗ?' ಅಂದರು. ಆಮೇಲೆ ನಾನೇ ಆ ಚಿತ್ರ ತೆಗೆದು ತೋರಿಸಿದೆ.

ಆ ಪಟ್ಟಿ ಅದೇ ಹೊತ್ತಿಗೆ ಬಂದದ್ದು ಕಾಕತಾಳೀಯ ಅಲ್ಲ. ಹಣ ಹೋದ ಕೂಡಲೇ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಆ್ಯಪ್ ಟಿಕ್ ತೋರಿಸುತ್ತದೆ, ಬ್ಯಾಂಕ್ ಎಸ್‌ಎಂಎಸ್ ಕಳಿಸುತ್ತದೆ. ನಾವು ಟಿಕ್ ನೋಡಿ ಸ್ಕ್ರೀನ್‌ಶಾಟ್ ತೆಗೆಯುವ ನಾಲ್ಕೈದು ಸೆಕೆಂಡಿನಲ್ಲೇ ಎಸ್‌ಎಂಎಸ್ ಬಂದು ಮೇಲ್ಗಡೆ ಇಳಿಯುತ್ತದೆ. ಅಂದರೆ ಹಣ ಕಟ್ಟಿದ ಸ್ಕ್ರೀನ್‌ಶಾಟಿಗೇ ಈ ಕಾಟ ಜಾಸ್ತಿ.

ಹಾಗಾಗಿ ಟಿಕ್ ಬಂದ ಪರದೆಯನ್ನು ಹಿಡಿಯುವುದನ್ನೇ ಬಿಡಿ. ಹೆಚ್ಚಿನ ಯುಪಿಐ ಆ್ಯಪ್‌ಗಳಲ್ಲಿ Share ಅನ್ನೋ ಬಟನ್ ಇರುತ್ತದೆ. ಅದನ್ನು ಒತ್ತಿದರೆ ಆ್ಯಪ್ ತಾನೇ ರಸೀದಿಯ ಚಿತ್ರ ಮಾಡಿ ಕೊಡುತ್ತದೆ. ಅದರಲ್ಲಿ ಮೇಲಿನ ಪಟ್ಟಿ ಬರುವುದಿಲ್ಲ. ಕಳಿಸುವ ಮುಂಚೆ ಒಮ್ಮೆ ತೆರೆದು ನೋಡಿ, ಅಷ್ಟೇ. ಆ ಬಟನ್ ಇಲ್ಲದಿದ್ದರೆ ಒಂದೆರಡು ನಿಮಿಷ ಬಿಟ್ಟು, ಬ್ಯಾಂಕ್ ಮೆಸೇಜ್ ಬಂದಾಯಿತು ಅಂತ ಖಾತ್ರಿಯಾದ ಮೇಲೆ, ಹಿಸ್ಟರಿಗೆ ಹೋಗಿ ಅಲ್ಲಿಂದ ತೆಗೆಯಿರಿ. ಚಿಕ್ಕಮ್ಮ ಈಗ ಹೀಗೇ ಮಾಡುತ್ತಾರೆ.

ಇನ್ನು ಒಟಿಪಿ. ನಿಮ್ಮ ಭಯ ಸರಿಯಾದದ್ದೇ, ಆದರೆ ಎಲ್ಲಾ ಒಟಿಪಿಯೂ ಒಂದೇ ಅಲ್ಲ. ಹೋದ ವರ್ಷ ನಾನು ಮೈಸೂರಿನಲ್ಲಿ ಮಗಳ ಹಾಸ್ಟೆಲ್ ಫೀಸ್ ಕಟ್ಟುತ್ತಿದ್ದೆ. ಕಾರ್ಡಿನ ಪುಟ ಅಲ್ಲಾಡದೆ ನಿಂತಿತು. ಒಟಿಪಿ ಮತ್ತೆ ಕಳಿಸು ಅಂತ ಒತ್ತಿ, ಪುಟದ ಸ್ಕ್ರೀನ್‌ಶಾಟ್ ತೆಗೆದು 'ನಿಮಗೂ ಹೀಗೇ ಆಗ್ತಿದೆಯಾ?' ಅಂತ ಪೋಷಕರ ಗ್ರೂಪಿಗೆ ಹಾಕಿದೆ. ಒಟಿಪಿ ತಡವಾಗಿ, ಸರಿಯಾಗಿ ಆ ಕ್ಷಣಕ್ಕೆ ಬಂದು ಚಿತ್ರದಲ್ಲಿ ಕೂತಿತ್ತು. ಅದು ನನ್ನ ಫೋನಿನಲ್ಲಿ ತೆರೆದಿದ್ದ ಆ ಒಂದು ಪಾವತಿಗೆ ಮಾತ್ರ ನಡೆಯುವಂಥದ್ದು, ಕೆಲವೇ ನಿಮಿಷದಲ್ಲಿ ಸತ್ತೂಹೋಗುತ್ತದೆ. ಬೇರೆಯವರು ಅದನ್ನು ನೋಡಿದರೂ ಏನೂ ಮಾಡಲಾರರು.

ನಿಜವಾಗಿ ಹೆದರಬೇಕಾದದ್ದು ಬೇರೆಯವರು ತರಿಸಿದ ಒಟಿಪಿಗೆ. ವಾಟ್ಸಾಪ್ ಲಾಗಿನ್ ಕೋಡ್ ಆರು ಅಂಕಿಯದು. ಅದನ್ನು ತರಿಸಲು ನಿಮ್ಮ ಫೋನ್ ನಂಬರ್ ಇದ್ದರೆ ಸಾಕು. ಗ್ರೂಪಿನಲ್ಲಿರುವ ಯಾರಿಗೂ ಅದು ಸಿಗುತ್ತದೆ ಅಲ್ವಾ? ಒಬ್ಬ ಫೋನ್ ಮಾಡಿ, 'ಸರ್, ನೀವು ಕಳಿಸಿದ ಹಣ ಬಂದಿಲ್ಲ, ಈಗಲೇ ಒಂದು ಸ್ಕ್ರೀನ್‌ಶಾಟ್ ಕಳಿಸಿ' ಅಂತ ಅವಸರ ಮಾಡಿದರೆ ಜಾಗ್ರತೆ. ಆ ಕಡೆ ಅವನು ಒಟಿಪಿ ತರಿಸುತ್ತಿರಬಹುದು. ನೀವು ಬಾಯಿಬಿಟ್ಟು ಹೇಳದಿದ್ದರೂ ಚಿತ್ರವೇ ಹೇಳಿಬಿಡುತ್ತದೆ. ಯಾರೇ ಆಗಲಿ ಲೈನಿನಲ್ಲಿ ಇದ್ದುಕೊಂಡೇ ಸ್ಕ್ರೀನ್‌ಶಾಟ್ ಕೇಳಿದರೆ ಫೋನ್ ಇಡಿ. ಹತ್ತು ನಿಮಿಷ ಬಿಟ್ಟು ನೀವೇ ಕಳಿಸಿ. ವಾಟ್ಸಾಪ್‌ನಲ್ಲಿ Two-step verification ಹಾಕಿಡಿ. ಆಗ ಬರೀ ಕೋಡ್ ಸಿಕ್ಕರೆ ಸಾಲದು, ನೀವು ಇಟ್ಟ ಪಿನ್ ಕೂಡ ಬೇಕು. ಹಣವೇ ಹೋಗಿದ್ದರೆ ಬ್ಯಾಂಕಿಗೆ ಹೇಳಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಸೆಟ್ಟಿಂಗ್ ವಿಷಯದಲ್ಲಿ ತುಂಬಾ ಜನ ಒಂದು ಕಡೆ ಎಡವುತ್ತಾರೆ. ಲಾಕ್ ಸ್ಕ್ರೀನ್‌ನಲ್ಲಿ ಮೆಸೇಜ್ ಕಾಣದ ಹಾಗೆ ಮಾಡಿದ್ದೇನೆ, ಸಾಕು ಅಂದುಕೊಳ್ಳುತ್ತಾರೆ. ಅದು ಫೋನ್ ಲಾಕ್ ಆಗಿದ್ದಾಗ ಮಾತ್ರ. ಸ್ಕ್ರೀನ್‌ಶಾಟ್ ತೆಗೆಯುವುದು ಲಾಕ್ ತೆಗೆದ ಮೇಲೆ. ಬ್ಯಾಂಕ್ ಆ್ಯಪ್ ಸ್ಕ್ರೀನ್‌ಶಾಟ್ ತೆಗೆಯಲು ಬಿಡುವುದಿಲ್ಲ ಅನ್ನೋ ಧೈರ್ಯವೂ ಇಲ್ಲಿ ನಡೆಯುವುದಿಲ್ಲ. ಆ ತಡೆ ಆ ಆ್ಯಪಿನ ಪರದೆಗೆ ಮಾತ್ರ. ಪಟ್ಟಿಯನ್ನು ತೋರಿಸುವುದು ಫೋನ್, ಬೇರೆ ಯಾವ ಆ್ಯಪಿನ ಮೇಲಾದರೂ ಅದು ಇಳಿಯುತ್ತದೆ.

ಆಂಡ್ರಾಯ್ಡ್‌ನಲ್ಲಿ ಮೆಸೇಜ್ ಆ್ಯಪಿನ ಐಕಾನ್ ಒತ್ತಿ ಹಿಡಿದು App info, ಅಲ್ಲಿಂದ Notifications ತೆರೆಯಿರಿ. ಒಳಬರುವ ಮೆಸೇಜಿನ ಸಾಲಿನಲ್ಲಿ Pop on screen ಅಂತ ಇರುತ್ತದೆ. ಕೆಲವು ಕಂಪನಿಗಳ ಫೋನಿನಲ್ಲಿ ಹೆಸರು ಸ್ವಲ್ಪ ಬೇರೆ. ಅದನ್ನು ಆಫ್ ಮಾಡಿ. ಮೆಸೇಜ್ ಬರುತ್ತದೆ, ಸದ್ದೂ ಆಗುತ್ತದೆ, ಮೇಲಿಂದ ಎಳೆದರೆ ಕಾಣುತ್ತದೆ. ಪರದೆ ಮೇಲೆ ತಾನಾಗಿ ಇಳಿಯುವುದಿಲ್ಲ. ಐಫೋನ್ ಆದರೆ Settings, Notifications, Messages, ಅಲ್ಲಿ Show Previews ಅನ್ನು Never ಮಾಡಿ. ಪಟ್ಟಿ ಬಂದರೂ ಒಳಗಿನ ಮಾತು ಕಾಣುವುದಿಲ್ಲ. ಮಾಡಿದ ಮೇಲೆ ಮನೆಯವರಿಂದ ಒಂದು ಎಸ್‌ಎಂಎಸ್ ಹಾಕಿಸಿ ನೋಡಿ. ಬ್ಯಾಂಕಿನ ಆ್ಯಪ್ ಬೇರೆ ನೋಟಿಫಿಕೇಶನ್ ಕಳಿಸುತ್ತಿದ್ದರೆ ಅದಕ್ಕೂ ಇದೇ ಕೆಲಸ ಮಾಡಬೇಕು.

ಪಟ್ಟಿ ಬಂದೇಬಿಟ್ಟ ಚಿತ್ರವನ್ನೇ ಕಳಿಸಬೇಕಾದರೆ ಮೇಲ್ಗಡೆ ಕತ್ತರಿಸಿ. ವಾಟ್ಸಾಪ್‌ನಲ್ಲಿ ಕಳಿಸುವ ಮುಂಚೆ ಕ್ರಾಪ್ ಮಾಡಿದರೆ ಉಳಿದ ಭಾಗ ಮಾತ್ರ ಹೋಗುತ್ತದೆ. ಹೈಲೈಟರ್ ಪೆನ್ನಿನಿಂದ ಕಪ್ಪು ಬಳಿಯಬೇಡಿ. ಆ ಬಣ್ಣ ಪೂರ್ತಿ ಮುಚ್ಚುವುದಿಲ್ಲ. ಚಿತ್ರದ ಬೆಳಕು ಜಾಸ್ತಿ ಮಾಡಿದರೆ ಕೆಳಗಿನ ಅಂಕಿ ಎದ್ದು ಬರುತ್ತದೆ.

ಮತ್ತೆ, ಗ್ರೂಪಿನಿಂದ ಅಳಿಸಿದರೂ ಕತ್ತರಿಸದ ಮೂಲ ಚಿತ್ರ ನಿಮ್ಮ ಗ್ಯಾಲರಿಯಲ್ಲೇ ಇದೆ. ಸ್ಕ್ರೀನ್‌ಶಾಟ್ ಫೋಲ್ಡರನ್ನು ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಕೊಟ್ಟಿದ್ದರೆ ಅಲ್ಲೂ ಒಂದು ಪ್ರತಿ ಇರುತ್ತದೆ. ಅಲ್ಲಿ ಅಳಿಸಿದ್ದು 60 ದಿನ ಟ್ರ್ಯಾಶ್‌ನಲ್ಲಿ ಉಳಿಯುತ್ತದೆ. ಅದನ್ನೂ ಖಾಲಿ ಮಾಡಿ.