ಹೆಲ್ಮೆಟ್ ಒಳಗಿನ ಗಾಳಿಯ ಸದ್ದು ಮತ್ತು ದಿನನಿತ್ಯದ ಸವಾರರ ಕಿವಿ

ಪ್ರಶ್ನೆ: ನನಗೆ 38 ವರ್ಷ. ಸುಂಟಿಕೊಪ್ಪದಲ್ಲಿ ಮನೆ. ಕೆಲಸದ ಮೇಲೆ ವಾರಕ್ಕೆ ನಾಲ್ಕು ದಿನ ಬೈಕಿನಲ್ಲಿ ಮೈಸೂರಿಗೆ ಹೋಗಿ ಬರುತ್ತೇನೆ, ಹನ್ನೊಂದು ವರ್ಷದಿಂದ ಹೀಗೆಯೇ. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಹಾಕುತ್ತೇನೆ. ಈಚೆಗೆ ರಾತ್ರಿ ಮಲಗಿದಾಗ ಎರಡೂ ಕಿವಿಯಲ್ಲಿ ಗುಂಯ್ ಎನ್ನುತ್ತದೆ. ಟಿವಿ ಸದ್ದು ಜಾಸ್ತಿ ಇಡುತ್ತೀರಿ ಎಂದು ಮನೆಯವಳು ಹೇಳುತ್ತಾಳೆ. ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೂ ಹೋಗುತ್ತೇನೆ. ಇದು ಕೋವಿಯಿಂದ ಆದದ್ದೇ, ಬೈಕಿನಿಂದ ಆದದ್ದೇ? ಹೆಲ್ಮೆಟ್ ಇದ್ದರೂ ಕಿವಿಗೆ ಇಯರ್‌ಪ್ಲಗ್ ಬೇಕೇ? ಹಾಕಿದರೆ ಹಾರನ್ ಕೇಳಿಸುತ್ತದೆಯೇ?

ಉತ್ತರ: ನಿಮ್ಮ ಕಿವಿಯನ್ನು ನೋಡದೆ ಖಚಿತವಾಗಿ ಹೇಳಲಾಗದು. ಆದರೂ ನೀವು ಬರೆದಿರುವ ರೀತಿಯಲ್ಲಿ, ಎರಡೂ ಕಿವಿಗಳಲ್ಲಿ ಸಮನಾಗಿ ತೊಂದರೆ ಇರುವುದಾದರೆ, ನನ್ನ ಅನುಮಾನ ಮೊದಲು ಹೋಗುವುದು ಬೈಕಿನ ಕಡೆಗೆ. ಅದರಲ್ಲಿಯೂ ಬೈಕಿನ ಎಂಜಿನ್ ಇಲ್ಲಿ ಮುಖ್ಯವಲ್ಲ. ವೇಗ ಗಂಟೆಗೆ ಸುಮಾರು 60–65 ಕಿಲೋಮೀಟರ್ ದಾಟಿದ ಮೇಲೆ ಸವಾರನ ಕಿವಿಗೆ ಎಂಜಿನ್ನಿಗಿಂತ ಜೋರಾಗಿ ಬೀಳುವುದು ಗಾಳಿಯ ಸದ್ದು.

ಹೆಲ್ಮೆಟ್ ಕಿವಿಯನ್ನು ಮುಚ್ಚಿರುವುದರಿಂದ ಸದ್ದನ್ನೂ ತಡೆಯುತ್ತದೆ ಎಂಬ ನಂಬಿಕೆ ಸಹಜ. ಆದರೆ ಅದರೊಳಗಿನ ಥರ್ಮಾಕೋಲ್ ಪದರ ಇರುವುದು ತಲೆಗೆ ಬೀಳುವ ಪೆಟ್ಟನ್ನು ನುಂಗುವುದಕ್ಕೆ. ಅದು ಕೀಚಲು ಸದ್ದನ್ನು ಒಂದಷ್ಟು ಇಳಿಸುತ್ತದೆ, ದಪ್ಪ ಸ್ವರದ ಮೊರೆತವನ್ನು ಬಹುತೇಕ ಹಾಗೆಯೇ ಒಳಗೆ ಬಿಡುತ್ತದೆ. ಗಾಳಿಯ ಸದ್ದಿನ ಹೆಚ್ಚಿನ ಬಲ ಇರುವುದು ಈ ದಪ್ಪ ಸ್ವರದಲ್ಲಿಯೇ. ಮೇಲಾಗಿ ಆ ಸದ್ದು ಹುಟ್ಟುವ ಜಾಗವೇ ಹೆಲ್ಮೆಟ್: ಗಾಳಿ ಗಲ್ಲದ ಕೆಳಗಿನ ಅಂಚಿಗೂ ಕುತ್ತಿಗೆಯ ಸುತ್ತಲಿನ ಸಂದಿಗೂ ಬಡಿದು ಸುಳಿಸುಳಿಯಾಗಿ ಒಡೆಯುತ್ತದೆ, ಚಿಪ್ಪು ಅದುರುತ್ತದೆ, ಆ ಅದುರು ಕಿವಿಯಿಂದ ಎರಡು ಬೆರಳು ದೂರದಲ್ಲಿ ಸದ್ದಾಗುತ್ತದೆ. ಹೆಲ್ಮೆಟ್ ದುಬಾರಿಯಾದ ಮಾತ್ರಕ್ಕೆ ಇದು ನಿಲ್ಲುವುದಿಲ್ಲ. ಬೈಕಿಗೆ ಮುಂದೆ ಹಾಕಿಸುವ ಗಾಳಿಗಾಜಿನ ಮೇಲಂಚು ಹೆಲ್ಮೆಟ್ಟಿನ ಮಟ್ಟಕ್ಕೆ ಸರಿಯಾಗಿ ಬಂದರೆ, ಆ ಅಂಚಿನಲ್ಲಿ ಒಡೆದ ಗಾಳಿ ನೇರವಾಗಿ ತಲೆಗೆ ಬಡಿದು ಸದ್ದು ಹೆಚ್ಚುವುದೂ ಉಂಟು. ಹಾಗೆಂದು ಹೆಲ್ಮೆಟ್ ಬಿಡುವ ಯೋಚನೆಯನ್ನು ದಯವಿಟ್ಟು ಯಾರೂ ಮಾಡಬೇಡಿ. ಅದು ಉಳಿಸುವುದು ತಲೆಯನ್ನು, ಕಿವಿಗೆ ಬೇರೆಯದೇ ರಕ್ಷಣೆ ಬೇಕು ಎಂಬುದಷ್ಟೇ ನನ್ನ ಮಾತು.

ಈಗ ನಿಮ್ಮ ದಾರಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳೋಣ. ಸುಂಟಿಕೊಪ್ಪದಿಂದ ಆನೆಕಾಡು ಇಳಿದು ಕುಶಾಲನಗರ ಸೇರುವವರೆಗೆ ತಿರುವುಗಳಲ್ಲಿ ನೀವು 40ರ ಆಸುಪಾಸಿನಲ್ಲಿ ಇರುತ್ತೀರಿ, ಅಲ್ಲಿ ಗಾಳಿಯ ಕಾಟ ಕಡಿಮೆ. ಕೊಪ್ಪದ ಸೇತುವೆ ದಾಟಿ ಬೈಲಕುಪ್ಪೆ, ಪಿರಿಯಾಪಟ್ಟಣ, ಹುಣಸೂರಿನ ಮೇಲೆ ಮೈಸೂರು ಮುಟ್ಟುವ ಬಯಲು ದಾರಿಯಲ್ಲಿ, ಪೇಟೆಗಳನ್ನು ಕಳೆದರೂ, ಒಂದು ಗಂಟೆಯಾದರೂ 80ರ ವೇಗದಲ್ಲಿ ಓಡಿಸುತ್ತೀರಿ ಎಂದುಕೊಳ್ಳುತ್ತೇನೆ. ಸವಾರರ ಕಿವಿಯ ಬಳಿ ಮೈಕ್ ಇಟ್ಟು ಅಳೆದವರಿಗೆ 60ರ ವೇಗದಲ್ಲಿ 90 ಡೆಸಿಬೆಲ್ ಆಸುಪಾಸು ಸಿಕ್ಕಿದೆ, 80ಕ್ಕೆ ಅದು 95ರ ಹತ್ತಿರ ಬರುತ್ತದೆ. ಹೆಲ್ಮೆಟ್, ಬೈಕು, ಕೂರುವ ಎತ್ತರ ಬದಲಾದಂತೆ ಈ ಅಂಕಿ ಮೇಲೆ ಕೆಳಗೆ ಆಗುತ್ತದೆ. ಲೆಕ್ಕಕ್ಕೆ ಅನುಕೂಲವಾಗಲೆಂದು 94 ಎಂದಿಟ್ಟುಕೊಳ್ಳಿ. ಕೆಲಸದ ಸ್ಥಳದ ಸದ್ದಿಗೆ ತಜ್ಞರು ಬಳಸುವ ಅಳತೆಯ ಪ್ರಕಾರ 85 ಡೆಸಿಬೆಲ್ ಸದ್ದನ್ನು ಕಿವಿ ದಿನಕ್ಕೆ 8 ಗಂಟೆ ತಾಳಬಹುದು. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಆ ಸಮಯ ಅರ್ಧಕ್ಕೆ ಇಳಿಯುತ್ತದೆ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ ಒಂದೇ ಗಂಟೆ. ಅಂದರೆ ಬೆಳಿಗ್ಗೆ ನೀವು ಮೈಸೂರು ತಲುಪುವಷ್ಟರಲ್ಲಿ ಕಿವಿಯ ಆ ದಿನದ ಪಾಲು ಮುಗಿದಿರುತ್ತದೆ, ಸಂಜೆಯ ದಾರಿ ಪೂರ್ತಿ ಹೆಚ್ಚುವರಿ. ವಾರಕ್ಕೆ ನಾಲ್ಕು ದಿನ, ಹನ್ನೊಂದು ವರ್ಷ. ಇದೇ ದಾರಿಯನ್ನು 60ರಲ್ಲಿ ಕ್ರಮಿಸಿದರೆ ಹೊತ್ತು ಹೆಚ್ಚು ಹಿಡಿದರೂ ಕಿವಿಗೆ ಬೀಳುವ ಒಟ್ಟು ಭಾರ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಏಕೆಂದರೆ ಗಾಳಿಯ ಸದ್ದು ವೇಗಕ್ಕಿಂತ ಬಹಳ ಬೇಗ ಏರುತ್ತದೆ. ಮಡಿಕೇರಿಯಲ್ಲಿ ಇಡೀ ದಿನ ಸ್ಕೂಟರ್ ಓಡಿಸುವವರಿಗಿಂತ ನಿಮ್ಮಂತೆ ಬಯಲಿಗಿಳಿದು ಬರುವವರ ಬಗ್ಗೆ ನನಗೆ ಹೆಚ್ಚು ಚಿಂತೆ ಇರುವುದು ಇದೇ ಕಾರಣಕ್ಕೆ.

ಹಾನಿ ಆಗುವುದು ಕಿವಿತಮಟೆಗಲ್ಲ, ಒಳಗಿವಿಯ ಶಂಖದಲ್ಲಿರುವ ಸೂಕ್ಷ್ಮ ರೋಮಕೋಶಗಳಿಗೆ. ಬೈಕಿನಿಂದ ಇಳಿದ ಮೇಲೆ ಮಾತು ಹತ್ತಿಯೊಳಗಿಂದ ಕೇಳಿದಂತಾಗುವುದು, ಬೆಳಿಗ್ಗೆ ಎದ್ದಾಗ ಅದು ಸರಿಯಾಗಿರುವುದು ನಿಮಗೂ ಅನುಭವಕ್ಕೆ ಬಂದಿರಬೇಕು. ಸರಿಯಾಯಿತೆಂದು ನಾವು ಅದನ್ನು ಮರೆಯುತ್ತೇವೆ. ವರ್ಷಗಟ್ಟಲೆ ಹೀಗಾದಾಗ ಕೆಲವು ಕೋಶಗಳು ಸಾಯುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು 3,000ದಿಂದ 6,000 ಹರ್ಟ್ಜ್ ನಡುವಿನ ಎತ್ತರದ ಸ್ವರಗಳು. ಮಾತಿನಲ್ಲಿ ಸ, ಶ, ಕ, ತ, ಪ ಮುಂತಾದ ವ್ಯಂಜನಗಳ ಗುರುತು ಇರುವುದು ಬಹುಪಾಲು ಎತ್ತರದ ಸ್ವರಗಳಲ್ಲಿ, ಸ್ವರಾಕ್ಷರಗಳ ಬಲ ಇರುವುದು ಕೆಳಗಿನ ಸ್ವರಗಳಲ್ಲಿ. ಹಾಗಾಗಿ ಇಂಥವರಿಗೆ ದನಿ ಚೆನ್ನಾಗಿಯೇ ಕೇಳಿಸುತ್ತದೆ, ಪದ ಮಾತ್ರ ತಪ್ಪುತ್ತದೆ. ಅಡುಗೆಮನೆಯಲ್ಲಿ ನಲ್ಲಿ ಹರಿಯುತ್ತಿರುವಾಗ ಹೇಳಿದ ‘ಸಾಲು’ ಎಂಬುದು ‘ಕಾಲು’ ಎಂದೋ ‘ಪಾಲು’ ಎಂದೋ ಕೇಳುತ್ತದೆ. ಟಿವಿಯ ಸದ್ದನ್ನು ಏರಿಸುವುದು ಈ ಪದಗಳನ್ನು ಹಿಡಿಯುವುದಕ್ಕಾಗಿ. ನಿಮ್ಮ ಮನೆಯವರು ಗಮನಿಸಿದ್ದು ಸರಿಯಾಗಿಯೇ ಇದೆ.

ಕೋವಿಯೋ ಬೈಕೋ ಎಂಬುದನ್ನು ಆಡಿಯೋಗ್ರಾಮ್, ಅಂದರೆ ಶ್ರವಣ ಪರೀಕ್ಷೆಯ ನಕ್ಷೆ, ಬಹುಮಟ್ಟಿಗೆ ಹೇಳುತ್ತದೆ. ಸದ್ದಿನಿಂದ ಹಾನಿಯಾಗಿದ್ದರೆ ಗೆರೆ 4,000 ಹರ್ಟ್ಜ್ ಬಳಿ ಹಳ್ಳಕ್ಕಿಳಿದು 8,000ಕ್ಕೆ ಮತ್ತೆ ಮೇಲೇರುತ್ತದೆ. ವಯಸ್ಸಿನಿಂದಾದುದಾದರೆ ಏರದೆ ಇಳಿಯುತ್ತಲೇ ಹೋಗುತ್ತದೆ. ಬಲಭುಜಕ್ಕೆ ಕೋವಿ ಆನಿಸಿ ಹೊಡೆಯುವವರಲ್ಲಿ ನಳಿಗೆಯ ಬಾಯಿಗೆ ಹತ್ತಿರವಿರುವ ಎಡಗಿವಿಯ ಹಳ್ಳ ಸಾಮಾನ್ಯವಾಗಿ ಹೆಚ್ಚು ಆಳವಾಗಿರುತ್ತದೆ, ಬಲಗಿವಿ ತಲೆಯ ಮರೆಯಲ್ಲಿ ಅಷ್ಟಿಷ್ಟು ಉಳಿದಿರುತ್ತದೆ. ಗಾಳಿಯ ಸದ್ದು ಎರಡೂ ಕಿವಿಗಳನ್ನು ಹೆಚ್ಚುಕಡಿಮೆ ಸಮನಾಗಿ ತಿನ್ನುತ್ತದೆ. ಎರಡೂ ಸೇರಿರುವ ನಕ್ಷೆಗಳನ್ನೂ ನಾನು ನಮ್ಮ ಜಿಲ್ಲೆಯಲ್ಲಿ ನೋಡಿದ್ದೇನೆ. ಒಂದು ಗುಂಡಿನ ಸದ್ದಿನ ತುದಿ 140 ಡೆಸಿಬೆಲ್ ಮೀರುತ್ತದೆಯಾದ್ದರಿಂದ ಸ್ಪರ್ಧೆಯ ದಿನವೂ ಕಿವಿ ಮುಚ್ಚಿಕೊಳ್ಳಿ.

ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ನಿಮ್ಮ ದಾರಿಯಲ್ಲೇ ಇದೆ. ಆದರೆ ಅಲ್ಲಿಗೆ ಬೈಕಿನಲ್ಲಿ ಹೋಗಬೇಡಿ. ಸದ್ದಿನಿಂದ ದಣಿದ ಕಿವಿ ತಾತ್ಕಾಲಿಕವಾಗಿ ಇನ್ನಷ್ಟು ಮಂದವಾಗಿರುವುದರಿಂದ ನಕ್ಷೆಯಲ್ಲಿ ಇರುವುದಕ್ಕಿಂತ ಹೆಚ್ಚು ಹಾನಿ ಕಾಣುತ್ತದೆ. ಕನಿಷ್ಠ 14 ಗಂಟೆ ಗಲಾಟೆಯಿಂದ ದೂರವಿದ್ದು, ಭಾನುವಾರ ಮನೆಯಲ್ಲಿದ್ದು ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಹೋಗುವುದು ಒಳ್ಳೆಯದು. ಒಂದೇ ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಮಾತ್ರ ಸೋಮವಾರಕ್ಕೂ ಕಾಯದೆ ಅಂದೇ ವೈದ್ಯರನ್ನು ಕಾಣಬೇಕು. ಅದು ಬೇರೆಯೇ ಕಾಯಿಲೆ, ಚಿಕಿತ್ಸೆ ತಡವಾದಷ್ಟೂ ಫಲ ಕಡಿಮೆ.

ಇಯರ್‌ಪ್ಲಗ್ ಬೇಕು. ಔಷಧಿ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಫೋಮ್‌ನದೇ ಸಾಕು. ಹತ್ತಿಯ ಉಂಡೆ ಲೆಕ್ಕಕ್ಕೆ ಬರುವಷ್ಟು ತಡೆಯುವುದಿಲ್ಲ. ಗಾಳಿಯ ಸದ್ದು ಮುಚ್ಚಲೆಂದು ಇಯರ್‌ಫೋನಿನಲ್ಲಿ ಹಾಡು ಹಾಕುವವರು 94 ಡೆಸಿಬೆಲ್‌ಗಿಂತ ಜೋರಾಗಿ ಹಾಡನ್ನು ಏರಿಸಿಕೊಂಡು ಹಾನಿಯನ್ನು ಹೆಚ್ಚಿಸಿಕೊಳ್ಳುತ್ತಾರೆ. ಪೊಟ್ಟಣದ ಮೇಲೆ 30ಕ್ಕೂ ಹೆಚ್ಚು ಡೆಸಿಬೆಲ್ ಇಳಿಸುತ್ತದೆ ಎಂದು ಬರೆದಿದ್ದರೂ ನಿತ್ಯಬಳಕೆಯಲ್ಲಿ ಅದರ ಅರ್ಧ ಸಿಕ್ಕಿತೆಂದು ಎಣಿಸಿ. ಅಷ್ಟಾದರೂ ನಿಮ್ಮ 94 ಎಂಬುದು 79ಕ್ಕೆ ಇಳಿಯುತ್ತದೆ, ಲೆಕ್ಕ ಪೂರ್ತಿ ಬದಲಾಗುತ್ತದೆ. ಎಲ್ಲವೂ ನಿಂತಿರುವುದು ಹಾಕುವ ಕ್ರಮದ ಮೇಲೆ. ಗೋಣಿಕೊಪ್ಪದ ಕಡೆಯ ಕಾಫಿ ವ್ಯಾಪಾರದ ಏಜೆಂಟರೊಬ್ಬರು ಒಂದು ವರ್ಷದಿಂದ ಪ್ಲಗ್ ಹಾಕುತ್ತಿದ್ದರೂ ಸಂಜೆಯ ಗುಂಯ್‌ಗುಡುವಿಕೆ ನಿಂತಿಲ್ಲವೆಂದು ಬಂದರು. ನನ್ನೆದುರೇ ಹಾಕಿ ತೋರಿಸಿ ಎಂದೆ. ಎರಡು ಬೆರಳಿನಲ್ಲಿ ಒತ್ತಿ ತುರುಕಿದರು, ಹಳದಿ ಫೋಮಿನ ಅರ್ಧದಷ್ಟು ಹೊರಗೇ ಇತ್ತು. ಹೆಲ್ಮೆಟ್ ಏರಿಸಿದಾಗ ಅದರ ಮೆತ್ತೆ ತಾಗಿ ಬಲಗಡೆಯದು ಸಡಿಲಾಗಿ ಓರೆಯಾಯಿತು. ಸಂದಿ ಉಳಿದರೆ ಮೊದಲು ನುಸುಳುವುದು ದಪ್ಪ ಸ್ವರ, ಅಂದರೆ ಇಲ್ಲಿ ಶತ್ರುವೇ.

ಅವರಿಗೆ ಕಲಿಸಿದ್ದನ್ನೇ ನಿಮಗೂ ಹೇಳುತ್ತೇನೆ. ತೊಳೆದು ಒರೆಸಿದ ಕೈಯಲ್ಲಿ ಪ್ಲಗ್ಗನ್ನು ಬೀಡಿಗಿಂತ ತೆಳ್ಳಗೆ, ಸುಕ್ಕಿಲ್ಲದಂತೆ ಹೊಸೆಯಿರಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ಭಾಗವನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಆಗ ಬಾಗಿರುವ ನಾಳ ನೆಟ್ಟಗಾಗುತ್ತದೆ. ಒಳಗಿಟ್ಟು, ಅದು ಉಬ್ಬಿ ತುಂಬಿಕೊಳ್ಳುವವರೆಗೆ ಅರ್ಧ ನಿಮಿಷ ಬೆರಳಿನ ತುದಿಯಲ್ಲಿ ಹಿಡಿಯಿರಿ. ಕನ್ನಡಿಯಲ್ಲಿ ಮುಂದಿನಿಂದ ನೋಡಿದಾಗ ಪ್ಲಗ್ಗಿನ ತುದಿ ಹೊರಚಾಚಿ ಕಾಣಬಾರದು. ಬಳಿಕ ಬೈಕು ಚಾಲೂ ಮಾಡಿ ನಿಲ್ಲಿಸಿಕೊಂಡು ಎರಡೂ ಅಂಗೈಗಳಿಂದ ಕಿವಿ ಮುಚ್ಚಿ ತೆಗೆಯಿರಿ. ಸದ್ದಿನಲ್ಲಿ ಹೆಚ್ಚು ವ್ಯತ್ಯಾಸ ಕಾಣದಿದ್ದರೆ ಪ್ಲಗ್ ಸರಿಯಾಗಿ ಕೂತಿದೆ. ಮುಚ್ಚಿದಾಗ ಸದ್ದು ಥಟ್ಟನೆ ಇಳಿದರೆ ಮತ್ತೆ ಹಾಕಬೇಕು. ಆ ಏಜೆಂಟರು ಮೂರು ವಾರದ ಮೇಲೆ ಫೋನ್ ಮಾಡಿ, ಹುಣಸೂರಿನಿಂದ ಬಂದ ಸಂಜೆ ಕಿವಿ ಸುಮ್ಮನಿರುತ್ತದೆ ಎಂದರು. ಆಗಿಹೋಗಿದ್ದ ಹಾನಿ ನಕ್ಷೆಯಲ್ಲಿ ಹಾಗೆಯೇ ಉಳಿದಿದೆ.

ನಮ್ಮ ಮಳೆಗಾಲಕ್ಕೆ ಒಂದು ಎಚ್ಚರಿಕೆ. ಒದ್ದೆ ಕಿವಿಗೆ, ಒದ್ದೆ ಪ್ಲಗ್ಗನ್ನು ಹಾಕಿದರೆ ನಾಳದಲ್ಲಿ ಬೂಷ್ಟು ಬೆಳೆದು ವಿಪರೀತ ತುರಿಕೆ ಶುರುವಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫೋಮನ್ನು ಬೇಗ ಬೇಗ ಬದಲಿಸಿ, ಒಣಡಬ್ಬಿಯಲ್ಲಿಡಿ. ಕಿವಿ ಸೋರುವವರು, ತಮಟೆಯಲ್ಲಿ ತೂತು ಇರುವವರು ವೈದ್ಯರಿಗೆ ತೋರಿಸದೆ ಪ್ಲಗ್ ಹಾಕಕೂಡದು. ವೈಸರ್ ಮೇಲೆ ಮಂಜು ಕೂರುತ್ತದೆಂದು ಅದನ್ನು ತೆರೆದೇ ಓಡಿಸುವುದರಿಂದ ಸದ್ದು ಹೆಚ್ಚುತ್ತದೆ. ಗಲ್ಲದ ಕೆಳಗಿನ ಸಂದಿಗೆ ಮಫ್ಲರನ್ನು ಬಿಗಿಯಾಗಿ ಸುತ್ತಿ ತುದಿಗಳನ್ನು ಜಾಕೆಟ್ಟಿನೊಳಗೆ ಸಿಕ್ಕಿಸಿದರೆ ಸ್ವಲ್ಪ ಇಳಿಯುತ್ತದೆ.

ಹಾರನ್ ವಿಷಯ. ಪ್ಲಗ್ ಗಾಳಿಯನ್ನೂ ಹಾರನ್ನನ್ನೂ ಒಟ್ಟಿಗೆ ಇಳಿಸುತ್ತದೆ, ಆದ್ದರಿಂದ 80ರ ವೇಗದಲ್ಲಿ ಗಾಳಿಯ ಮೊರೆತಕ್ಕೂ ಹಾರನ್ನಿಗೂ ಇರುವ ಅಂತರ ಹೆಚ್ಚೇನೂ ಬದಲಾಗುವುದಿಲ್ಲ. ಇಂದು ಕೇಳಿಸುತ್ತಿರುವ ಹಾರನ್ ಅಂದೂ ಬಹುಮಟ್ಟಿಗೆ ಕೇಳಿಸುತ್ತದೆ. ನಿಧಾನದ ದಾರಿಯಲ್ಲಿ ಈ ಮಾತು ಸಲ್ಲದು. ಅಲ್ಲಿ ಮುಚ್ಚಿಹಾಕುವ ಗಾಳಿಯ ಸದ್ದೇ ಇಲ್ಲದಿರುವಾಗ ಪ್ಲಗ್ ಮೆಲ್ಲನೆಯ ಸದ್ದುಗಳನ್ನು ಕಸಿದುಕೊಳ್ಳುತ್ತದೆ, ಎತ್ತರದ ಸ್ವರ ಈಗಾಗಲೇ ಕುಂದಿದವರಿಗೆ ಇನ್ನೂ ಹೆಚ್ಚು. ಆನೆಕಾಡಿನಲ್ಲಿ ಮುಸ್ಸಂಜೆ ಬಿದಿರು ಮುರಿಯುವ ಸದ್ದು ನಿಮಗೆ ಕೇಳಿಸಲೇಬೇಕು. ಆದ್ದರಿಂದ ಕುಶಾಲನಗರದಲ್ಲಿ ಪೆಟ್ರೋಲಿಗೋ ಚಹಕ್ಕೋ ನಿಲ್ಲಿಸಿದಾಗ ಹಾಕಿಕೊಳ್ಳಿ, ಹಿಂದಿರುಗುವಾಗ ಅಲ್ಲಿಯೇ ತೆಗೆದಿಟ್ಟು ಘಟ್ಟ ಹತ್ತಿ.

ಈಗ ಮಾಡಿಸುವ ನಕ್ಷೆಯನ್ನು ಜೋಪಾನವಾಗಿಡಿ, ಒಂದು ವರ್ಷದ ಬಳಿಕ ಇದೇ ರೀತಿ ವಿಶ್ರಾಂತಿ ಪಡೆದ ಕಿವಿಯಲ್ಲಿ ಮತ್ತೊಂದನ್ನು ಮಾಡಿಸಿ. 2,000, 3,000 ಮತ್ತು 4,000 ಹರ್ಟ್ಜ್‌ಗಳ ಸರಾಸರಿಯಲ್ಲಿ 10 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚು ಕುಸಿತ ಕಂಡರೆ, ಪ್ಲಗ್ ಸರಿಯಾಗಿ ಕೂರುತ್ತಿಲ್ಲ ಅಥವಾ ತೋಟದಲ್ಲಿ ಕಳೆ ಕೊಚ್ಚುವ ಯಂತ್ರ, ಮರ ಕೊಯ್ಯುವ ಯಂತ್ರದಂಥ ಇನ್ನೊಂದು ಸದ್ದು ನಿಮ್ಮ ಲೆಕ್ಕದಿಂದ ಬಿಟ್ಟುಹೋಗಿದೆ ಎಂದು ಅನುಮಾನಿಸಿ ಅಲ್ಲಿಂದ ಹುಡುಕಲು ಶುರುಮಾಡಬೇಕು.