ಗಿಡಮೂಲಿಕೆ ಡಬ್ಬಿ, ನನ್ನದೇ ಅಂಗಡಿಯ ಕೆಮ್ಮಿನ ಸಿರಪ್

ಪ್ರಶ್ನೆ: ಎಂಟು ತಿಂಗಳಿಂದ ಡಿಪ್ರೆಶನ್ ಮಾತ್ರೆ ಎಸ್ಸಿಟಾಲೊಪ್ರಾಮ್ 10 ಎಂಜಿ ತಗೋತಿದೀನಿ. ಫ್ರೆಂಡ್ ಹೇಳಿದ್ಲು ಅಂತ ಆನ್‌ಲೈನಲ್ಲಿ ಒಂದು ಹರ್ಬಲ್ ಮೂಡ್ ಕ್ಯಾಪ್ಸೂಲ್ ತರಿಸಿ ಮೂರು ದಿನದಿಂದ ತಗೋತಾ ಇದೀನಿ. ಅದರಲ್ಲಿ 5-ಎಚ್‌ಟಿಪಿ ಅಂತ ಇದೆ. ನಿನ್ನೆಯಿಂದ ಕೈ ಸ್ವಲ್ಪ ನಡುಗುತ್ತೆ, ಹೊಟ್ಟೆನೂ ಕೆಟ್ಟಿದೆ. ಗಿಡಮೂಲಿಕೆ ತಾನೆ, ಹೊಂದ್ಕೊಳ್ಳೋವರೆಗೆ ಕಾಯ್ಲಾ?

ಕಾಯಬೇಡಿ. ಕ್ಯಾಪ್ಸೂಲ್ ಇವತ್ತೇ ನಿಲ್ಲಿಸಿ, ಎಸ್ಸಿಟಾಲೊಪ್ರಾಮ್ ಬರೆದುಕೊಟ್ಟ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ. ಮುಂದಿನ ಎಸ್ಸಿಟಾಲೊಪ್ರಾಮ್ ಮಾತ್ರೆ ಎಂದಿನಂತೆ ತಗೋಬೇಕಾ, ಒಂದು ದಿನ ಬಿಡಬೇಕಾ ಅನ್ನೋದನ್ನ ಅವರೇ ಹೇಳಲಿ. ನೀವಾಗೇ ಅದನ್ನ ಬಿಟ್ಟುಬಿಡಬೇಡಿ, ತಟ್ಟನೆ ಬಿಟ್ಟರೆ ತಲೆಸುತ್ತು, ಚಡಪಡಿಕೆ ಬೇರೆ ಶುರುವಾಗುತ್ತೆ. ಜ್ವರ ಬಂದರೆ, ಬೆವರು ಸುರಿಯೋಕೆ ಶುರುವಾದರೆ, ಕಾಲು ಸೆಟೆದುಕೊಂಡರೆ ಅಥವಾ ಮಾತು ಗೊಂದಲವಾದರೆ ಫೋನ್ ಬೇಡ, 108 ಕರೆದು ಆಸ್ಪತ್ರೆಗೆ ಹೋಗಿ. ಡಬ್ಬಿ ಕೈಯಲ್ಲೇ ಇರಲಿ.

ನಾನು ದಾವಣಗೆರೆಯಲ್ಲಿ ಹದಿನಾರು ವರ್ಷದಿಂದ ಮೆಡಿಕಲ್ ಶಾಪ್ ನಡೆಸ್ತಿದೀನಿ. ಡಾಕ್ಟರ್ ಅಲ್ಲ. ಆದರೆ ಇದೇ ಜೋಡಿ ನಮ್ಮ ಮನೆಯಲ್ಲೇ ಒಬ್ಬನನ್ನ ಐಸಿಯುಗೆ ತಳ್ಳಿತ್ತು, ಅದರಲ್ಲಿ ನನ್ನ ಪಾಲೂ ಇತ್ತು.

ನನ್ನ ಹೆಂಡತಿಯ ತಮ್ಮ ಹರಿಹರದಲ್ಲಿ ಕೆಲಸದಲ್ಲಿದ್ದಾನೆ. ಎಸ್ಸಿಟಾಲೊಪ್ರಾಮ್ 20 ಎಂಜಿ ಒಂದೂವರೆ ವರ್ಷದಿಂದ ನಡೀತಿತ್ತು, ಚೆನ್ನಾಗೇ ಇದ್ದ. ಯಾರದೋ ವಿಡಿಯೋ ನೋಡಿ ಒಂದು ಡಬ್ಬಿ ತರಿಸಿದ. ಮುಂದುಗಡೆ ಅಶ್ವಗಂಧದ ಬೇರಿನ ಚಿತ್ರ, ಹಿಂದುಗಡೆ ಸಣ್ಣ ಅಕ್ಷರದಲ್ಲಿ ಗ್ರಿಫೋನಿಯ ಬೀಜದ ಸಾರ, 5-ಎಚ್‌ಟಿಪಿ 100 ಎಂಜಿ. ಮೊದಲ ನಾಲ್ಕು ದಿನ ರಾತ್ರಿ ಒಂದೊಂದು. ಹೊಟ್ಟೆ ಸಡಿಲ, ಅಂಗೈ ಬೆವರು. "ಆಫೀಸಿನ ಟೆನ್ಶನ್" ಅಂದುಕೊಂಡ. ಐದನೇ ರಾತ್ರಿ ಎರಡು ನುಂಗಿದ. ಮಾರನೇ ದಿನ ಒಣಕೆಮ್ಮು ಅಂತ ಅಂಗಡಿಗೆ ಬಂದ. ನಾನು ಡೆಕ್ಸ್ಟ್ರೊಮೆಥಾರ್ಫಾನ್ ಇರೋ ಸಿರಪ್ ಕೊಟ್ಟೆ, ದುಡ್ಡೂ ತಗೊಳ್ಳಲಿಲ್ಲ. ಅವನು ನುಂಗೋ ಮಾತ್ರೆ ನನಗೆ ಗೊತ್ತಿತ್ತು. ಡಬ್ಬಿ ಗೊತ್ತಿರಲಿಲ್ಲ, ಕೇಳಲೂ ಇಲ್ಲ.

ಈ ಡಬ್ಬಿಯ ಸಮಸ್ಯೆ ಏನು ಅಂತ ನಮ್ಮ ಕಡೆಯವರಿಗೆ ಭದ್ರಾ ನಾಲೆ ತೋರಿಸಿ ಹೇಳಿದರೆ ಬೇಗ ಅರ್ಥವಾಗುತ್ತೆ. ಸಿರೊಟೋನಿನ್ ಅನ್ನೋದು ನರಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸೋಕೆ ಬಳಸೋ ರಾಸಾಯನಿಕ. ಕೆಲಸ ಮುಗಿದ ಮೇಲೆ ಕೋಶ ಅದನ್ನ ವಾಪಸ್ ಎಳೆದುಕೊಳ್ಳುತ್ತೆ. ಎಸ್ಸಿಟಾಲೊಪ್ರಾಮ್ ಆ ವಾಪಸ್ ಎಳೆಯೋ ದಾರಿಯನ್ನ ಮುಚ್ಚುತ್ತೆ, ಅಂದರೆ ಗದ್ದೆಯಿಂದ ನೀರು ಹೊರಹೋಗೋ ಬಾಯಿಗೆ ಮಣ್ಣು ಹಾಕಿದ ಹಾಗೆ. ನಿಧಾನವಾಗಿ ಅಳತೆ ನೋಡಿಕೊಂಡು ಮಾಡಿದರೆ ಅದೇ ಚಿಕಿತ್ಸೆ. ಒಳಗೆ ಬರೋ ನೀರಿಗೂ ದೇಹ ಒಂದು ತೂಬು ಇಟ್ಟಿದೆ. ಊಟದಲ್ಲಿ ಸಿಗೋ ಟ್ರಿಪ್ಟೊಫಾನ್ 5-ಎಚ್‌ಟಿಪಿ ಆಗಬೇಕು, ಆಮೇಲೆ ಸಿರೊಟೋನಿನ್. ಈ ಮೊದಲನೇ ಹೆಜ್ಜೆಯೇ ತೂಬು, ಅದು ಎಷ್ಟು ಬಿಡುತ್ತೋ ಅಷ್ಟೇ ತಯಾರಿ. ಹಾಲು, ಕಡಲೆ, ಬಾಳೆಹಣ್ಣು ಎಷ್ಟೇ ತಿಂದರೂ ಅಪಾಯವಾಗದೇ ಇರೋದು ಇದರಿಂದಲೇ. ಆದರೆ 5-ಎಚ್‌ಟಿಪಿ ನುಂಗಿದರೆ ತೂಬು ದಾಟಿದ ಮಾಲೇ ಸೀದಾ ಒಳಗೆ ಬರುತ್ತೆ. ಹೊರಬಾಯಿ ಮುಚ್ಚಿದೆ, ಒಳಬಾಯಿ ಹಾರುಹೊಡೆದಿದೆ. ಸಾಲದು ಅಂತ ನನ್ನ ಸಿರಪ್ಪು ಹೊರಬಾಯಿಗೆ ಇನ್ನೊಂದು ಬುಟ್ಟಿ ಮಣ್ಣು ಸುರಿಯಿತು.

5-ಎಚ್‌ಟಿಪಿ ಗಿಡದಿಂದ ಬಂದಿದ್ದು ನಿಜ, ಆಫ್ರಿಕಾದ ಒಂದು ಬಳ್ಳಿಯ ಬೀಜ. ಆದರೆ ಕ್ಯಾಪ್ಸೂಲಿನೊಳಗೆ ಇರೋದು ಕಷಾಯವಲ್ಲ, ಬೇರ್ಪಡಿಸಿ ತೂಕ ಹಾಕಿದ ರಾಸಾಯನಿಕ.

ಅವತ್ತು ರಾತ್ರಿ ಒಂಬತ್ತರ ಸುಮಾರಿಗೆ ನಮ್ಮತ್ತೆ ಫೋನು. "ಹುಡುಗ ಕುಂತಲ್ಲಿ ಕುಂದರವಲ್ಲ, ಬನೀನು ಹಿಂಡಿದ್ರ ನೀರು ಬರತೈತಿ, ಹಲ್ಲು ಕಟಕಟ ಅಂತಾವ." ಜ್ವರ 101. ಪ್ಯಾರಾಸಿಟಮಾಲ್ ಕೊಡಿ ಅಂದೆ. ಒಂದು ಗಂಟೆ ಕಳೆದರೂ ಇಳಿಯಲಿಲ್ಲ. ಇಳಿಯೋದೂ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಈ ಬಿಸಿ ಸೋಂಕಿನದಲ್ಲ, ಸ್ನಾಯುಗಳು ಬಿಡುವಿಲ್ಲದೆ ಬಿಗಿದು ನಡುಗಿ ಹುಟ್ಟಿಸಿದ್ದು. ಜ್ವರದ ಮಾತ್ರೆಗೆ ಅಲ್ಲಿ ಕೆಲಸವೇ ಇಲ್ಲ.

ಆಸ್ಪತ್ರೆಯಲ್ಲಿ ಡ್ಯೂಟಿಗಿದ್ದ ಹುಡುಗಿ ಡಾಕ್ಟರ್ ಮೊದಲು ಕೈ ಹಾಕಿದ್ದೇ ಪಾದಕ್ಕೆ. ಮಂಡಿ ಸ್ವಲ್ಪ ಮಡಿಸಿ, ಪಾದವನ್ನ ಮೇಲಕ್ಕೆ ಗಕ್ಕನೆ ತಳ್ಳಿ ಹಾಗೇ ಹಿಡಿದರು. ಪಾದ ತಾನಾಗೇ ಹೊಲಿಗೆ ಮಷಿನ್ನಿನ ಪೆಡಲ್ ಹಂಗೆ ಟಕಟಕ ಕುಣಿಯಿತು, ನಿಲ್ಲಲೇ ಇಲ್ಲ. ಕ್ಲೋನಸ್ ಅಂತಾರೆ ಇದನ್ನ. ಮಂಡಿಗೆ ಸುತ್ತಿಗೆ ತಾಗಿಸಿದರೆ ಕಾಲು ಎಗರಿ ಬಿತ್ತು. ಕಣ್ಣಿನ ಪಾಪೆ ಅಗಲವಾಗಿತ್ತು. ಅವರು ತಿರುಗಿ ಕೇಳಿದ್ದು ಒಂದೇ ಮಾತು: "ಡಿಪ್ರೆಶನ್ ಮಾತ್ರೆ ಜೊತೆ ಇನ್ನೇನು ತಗೊಂಡಿದಾರೆ?" ಸಿರೊಟೋನಿನ್ ಹೀಗೆ ಮಿತಿಮೀರಿದ್ದನ್ನ ಹೇಳೋ ರಕ್ತಪರೀಕ್ಷೆ ಇಲ್ಲ. ಏನೇನು ನುಂಗಿದರು ಅನ್ನೋ ಪಟ್ಟಿ ಮತ್ತು ಆ ಪಾದ, ಇವೆರಡರಿಂದಲೇ ಗೊತ್ತಾಗಬೇಕು. ಅದಕ್ಕೇ ಡಬ್ಬಿ ಒಯ್ಯಿರಿ ಅಂದಿದ್ದು.

ಎಲ್ಲಾ ಔಷಧಿ ನಿಲ್ಲಿಸಿದರು, ಗ್ಲೂಕೋಸ್ ಹಾಕಿದರು, ಸ್ನಾಯು ಸಡಿಲವಾಗೋಕೆ ಲೊರಾಜೆಪಾಮ್ ಇಂಜೆಕ್ಷನ್ ಕೊಟ್ಟರು. ಆಮೇಲೆ ಸೈಪ್ರೊಹೆಪ್ಟಡೀನ್ 4 ಎಂಜಿ ಮೂರು ಮಾತ್ರೆ ಒಟ್ಟಿಗೆ. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಗು ಊಟ ಮಾಡಲ್ಲ ಅಂತ ತಾಯಂದಿರು ನನ್ನ ಅಂಗಡಿಯಲ್ಲಿ ಕೇಳಿ ಒಯ್ಯೋ ಹಸಿವಿನ ಔಷಧಿ ಅದು. ಸಿರೊಟೋನಿನ್ ಹೋಗಿ ಕೂರೋ ಜಾಗವನ್ನೇ ಅದು ತಡೆಯುತ್ತಂತೆ. ಮಾರನೇ ಸಂಜೆಗೆ ನಡುಕ ನಿಂತಿತ್ತು. ಪಾದದ ಕುಣಿತ ಇನ್ನೊಂದು ದಿನ ಸಣ್ಣಗೆ ಉಳಿದಿತ್ತು.

ಎಲ್ಲರಿಗೂ ಹೀಗೇ ಆಗುತ್ತೆ ಅಂತ ಹೆದರಿಸ್ತಿಲ್ಲ. ಎರಡನ್ನೂ ಒಟ್ಟಿಗೆ ತಗೊಂಡು ಏನೂ ಆಗದವರೂ ಇದ್ದಾರೆ. ಆದರೆ ಯಾರಿಗೆ ಆಗುತ್ತೆ ಅಂತ ಮೊದಲೇ ಹೇಳೋಕೆ ಬರಲ್ಲ, ಮತ್ತು ಕೆಟ್ಟದ್ದು ಸಾಮಾನ್ಯವಾಗಿ ಹೊಸದು ಸೇರಿಸಿದ ಅಥವಾ ಡೋಸ್ ಏರಿಸಿದ 24 ಗಂಟೆಯೊಳಗೇ ಬರುತ್ತೆ. ನಿಮ್ಮ ನಡುಕ, ಹೊಟ್ಟೆ ಕೆಟ್ಟಿದ್ದು ನನ್ನ ಭಾವಮೈದನ ಮೊದಲ ನಾಲ್ಕು ದಿನದ ಹಾಗೇ ಇದೆ. ಐದನೇ ರಾತ್ರಿ ನಿಮಗೆ ಬರೋದು ಬೇಡ.

"ಇದು ಬೇಡ ಅಂದ್ರೆ ಬೇರೆ ಹರ್ಬಲ್" ಅಂತ ಸೇಂಟ್ ಜಾನ್ಸ್ ವರ್ಟ್ ಕಡೆ ಹೋಗಬೇಡಿ, ಡಬ್ಬಿ ಮೇಲೆ ಹೈಪರಿಕಮ್ ಅಂತಲೂ ಬರೆದಿರುತ್ತಾರೆ. ಅದೂ ಹೊರಬಾಯಿ ಮುಚ್ಚೋ ಜಾತಿಯೇ, ಜೊತೆಗೆ ಗರ್ಭನಿರೋಧಕ ಮಾತ್ರೆಯಂಥವನ್ನ ಯಕೃತ್ತು ಬೇಗ ಕರಗಿಸಿ ಹಾಕೋ ಹಾಗೆ ಮಾಡುತ್ತೆ. ಹಾಗೇ ನೋವಿಗೆ ಟ್ರಮಡಾಲ್ ಕೊಟ್ಟರೂ ನಿಮ್ಮ ಮಾತ್ರೆ ಬಗ್ಗೆ ಮೊದಲೇ ಹೇಳಿ.

ಈಗ ನನ್ನ ಕೌಂಟರಿನಲ್ಲಿ ಕೆಮ್ಮಿಗೆ ಬಂದವರನ್ನೂ "ಮತ್ತೇನು ತಗೋತೀರಿ, ಪೌಡರು ಡಬ್ಬಿ ಎಲ್ಲಾ ಸೇರಿ?" ಅಂತ ಕೇಳ್ತೀನಿ. ಕೆಲವರು "ಕೆಮ್ಮಿಗೆ ಬಂದರೆ ಪೊಲೀಸ್ ವಿಚಾರಣೆ ಮಾಡ್ತೀರಲ್ರಿ" ಅಂತ ಮುಖ ಸಿಂಡರಿಸಿ ಪಕ್ಕದ ಅಂಗಡಿಗೆ ಹೋಗ್ತಾರೆ. ಹೋಗಲಿ ಬಿಡಿ.

ಡಾಕ್ಟರು ಏನಂದರು ಅಂತ ಕೆಳಗೆ ಬರೀರಿ.