128 ಅಂತ್ಯ ಯಾರಿಗೆ ಬೇಕು?

*ಕವಲೊಡೆಯುವ ಕಥೆ ಬರೆಯುವ ಟ್ವೈನ್ ಅನ್ನುವ ತಂತ್ರಾಂಶದಲ್ಲಿ ಕನ್ನಡದಲ್ಲೇ ಒಂದು ಕಥೆ-ಆಟ ಬರೆಯುತ್ತಿದ್ದೇನೆ. ಮಾರಾಟವಾಗಲಿರುವ ಅಜ್ಜನ ಮನೆಗೆ ಕೊನೇ ಸಲ ಬರುವವರ, ಅಲ್ಲಿರುವ ದೊಡ್ಡಮ್ಮನ ಕಥೆ. ಏಳು ಕಡೆ ಎರಡರಲ್ಲೊಂದು ಆರಿಸಬೇಕು. ಪುಟಗಳಂಥ 90 ಪ್ಯಾಸೇಜ್ ಬರೆಯುವಷ್ಟರಲ್ಲಿ ಸುಸ್ತಾಗಿ ಕೂತಿದ್ದೇನೆ. ದಾರಿಗಳನ್ನೆಲ್ಲ ಮತ್ತೆ ಒಂದೇ ಕಡೆ ಸೇರಿಸು ಅಂತಾನೆ ಗೆಳೆಯ. ಅದು ಓದುಗರಿಗೆ ಮಾಡುವ ಮೋಸವಲ್ಲವೇ?*
— ಓದುಗರೊಬ್ಬರು, ಸಾಗರ

ಅಲ್ಲ. ಆ ಗೆಳೆಯರಿಗೆ ನನ್ನ ಲೆಕ್ಕದಲ್ಲಿ ಒಂದು ಕಾಫಿ ಕೊಡಿಸಿ.

ಮೊದಲು ಲೆಕ್ಕ ನೋಡಿ. ಏಳು ಸಲ ಎರಡೆರಡಾಗಿ ಒಡೆದರೆ 128 ಅಂತ್ಯ, ಒಟ್ಟು 255 ಪ್ಯಾಸೇಜ್. ಒಂದೊಂದಕ್ಕೆ 150 ಪದ ಅಂದರೂ 38,000 ಪದ ದಾಟುತ್ತದೆ. ಒಂದು ಸಲ ಆಡಿದವರು ನೋಡುವುದು ಎಂಟೇ ಪ್ಯಾಸೇಜ್, 1,200 ಪದ. ಮಿಕ್ಕಿದ್ದನ್ನು ಯಾರಿಗಾಗಿ ಬರೆದಿರಿ? ನೀವು 90ಕ್ಕೇ ಸುಸ್ತಾದದ್ದು ಸೋಮಾರಿತನದಿಂದಲ್ಲ. ನಿಮ್ಮ ಮೈ ನಿಮಗಿಂತ ಮೊದಲು ಲೆಕ್ಕ ಹಾಕಿದೆ, ಅಷ್ಟೆ.

ಬರೀ ಕವಲೊಡೆಯುವ ಕಥೆಗೂ ಅದರದ್ದೇ ಮಜಾ ಇದೆ, ಇಲ್ಲ ಅನ್ನುವುದಿಲ್ಲ. 1979ರಲ್ಲಿ ಎಡ್ವರ್ಡ್ ಪ್ಯಾಕರ್ಡ್ ಬರೆದ ‘ದಿ ಕೇವ್ ಆಫ್ ಟೈಮ್’ ಪುಸ್ತಕ ಅಂಥದ್ದು. ಐದು ನಿಮಿಷದಲ್ಲಿ ಮುಗಿದು, ಮತ್ತೆ ಮತ್ತೆ ಆಡಿಸಿಕೊಳ್ಳುವ ಆಟಕ್ಕೆ ಅದು ಸರಿ. ಸ್ಯಾಮ್ ಕೇಬೊ ಆಶ್‌ವೆಲ್ 2015ರಲ್ಲಿ ಇಂಥ ಆಟಗಳ ನಕ್ಷೆಗಳನ್ನು ವಿಂಗಡಿಸಿ ಬರೆದಾಗ, ಈ ಬಗೆಗೆ ‘ಟೈಮ್ ಕೇವ್’ ಅಂತಲೇ ಹೆಸರಿಟ್ಟರು. ಅದೇ ಪಟ್ಟಿಯಲ್ಲಿ ‘ಬ್ರಾಂಚ್ ಅಂಡ್ ಬಾಟಲ್‌ನೆಕ್’ ಅಂತ ಇನ್ನೊಂದಿದೆ. ದಾರಿಗಳು ಒಡೆಯುತ್ತವೆ, ಮತ್ತೆ ಕೂಡುತ್ತವೆ. ಆದರೆ ನೀವು ಬಂದ ದಾರಿಯನ್ನು ಆಟ ನೆನಪಿಟ್ಟುಕೊಳ್ಳುತ್ತದೆ. ನನ್ನ ಪಕ್ಷಪಾತವೆಲ್ಲ ಇದರ ಮೇಲೆ.

ನೀವು ಕೃಷ್ಣ ಸಂಧಾನದ ತಾಳಮದ್ದಲೆ ಕೇಳಿರುತ್ತೀರಿ. ಸಂಧಾನ ಮುರಿಯುತ್ತದೆ ಅಂತ ಎದುರು ಕೂತ ಮಗುವಿಗೂ ಗೊತ್ತು. ಆದರೂ ಜನ ರಾತ್ರಿಯೆಲ್ಲ ಕೂರುತ್ತಾರೆ. ಇವತ್ತಿನ ಕೌರವ ಯಾವ ಮಾತಿಗೆ ಸಿಡಿದೆದ್ದ, ಕೃಷ್ಣ ಎಲ್ಲಿ ಸುಮ್ಮನಾದ ಅನ್ನುವುದು ಅವರಿಗೆ ಬೇಕು. ಕಥೆ ಅದೇ ಘಾಟಿಯಲ್ಲಿ ಇಳಿಯುತ್ತದೆ. ಇಳಿಯುವವರ ಮನಸ್ಸಿನಲ್ಲಿ ಇರುವುದು ಬೇರೆ. ಇದನ್ನು ಯಾರೂ ಮೋಸ ಅನ್ನಲಿಲ್ಲವಲ್ಲ.

ಈಗ ನಿಮ್ಮ ಮನೆಗೇ ಬರೋಣ. ಬಂದವರನ್ನು ಜಗಲಿಯಲ್ಲಿ ಕೂರಿಸಿ. ಅದು ನಿಮ್ಮ ಹಬ್. ಅಲ್ಲಿಂದ ಅಟ್ಟ, ಅಡುಗೆಮನೆ, ಬಾವಿಕಟ್ಟೆ, ಪಕ್ಕದ ಮನೆ ಹೀಗೆ ನಾಲ್ಕು ಕಡೆಗೆ ದಾರಿ. ಎಲ್ಲಿ ಹೋದರೂ ಮತ್ತೆ ಜಗಲಿಗೇ ಬರಬೇಕು. ಆದರೆ ಇಷ್ಟಕ್ಕೇ ಬಿಟ್ಟರೆ ಓದುಗರು ನಾಲ್ಕನ್ನೂ ಒಂದೊಂದಾಗಿ ಕ್ಲಿಕ್ ಮಾಡಿ ಮುಗಿಸುತ್ತಾರೆ. ಹುಲ್ಲು ಕತ್ತರಿಸುವ ಯಂತ್ರ ಓಡಿಸಿದ ಹಾಗೆ. ಅದು ಆಯ್ಕೆ ಅಲ್ಲ, ಕಸ ಗುಡಿಸುವ ಕೆಲಸ. ಅದಕ್ಕೇ ಹೊತ್ತು ಮುಳುಗಿಸಿ. ಕತ್ತಲಾಗುವ ಮುಂಚೆ ಎರಡೇ ಕಡೆ ಹೋಗಲು ಸಾಧ್ಯ ಅನ್ನಿ. ಆಗ ಅಟ್ಟ ಹತ್ತಿದವರು ಬಾವಿಕಟ್ಟೆಯನ್ನೋ ಪಕ್ಕದ ಮನೆಯನ್ನೋ ಕಳೆದುಕೊಳ್ಳುತ್ತಾರೆ. ಕಳೆದುಕೊಂಡದ್ದು ಇದ್ದರೆ ತಾನೇ ಆರಿಸಿಕೊಂಡದ್ದಕ್ಕೆ ಬೆಲೆ?

ಟ್ವೈನ್ ಹಾಕಿದಾಗ ತಾನಾಗಿ ಸಿಗುವ ಹಾರ್ಲೋ ಫಾರ್ಮ್ಯಾಟ್‌ನಲ್ಲಿ, ನಾಲ್ಕೂ ಜಾಗದ ಪ್ಯಾಸೇಜ್‌ಗಳ ಕೊನೆಗೆ ಇಷ್ಟು ಸಾಕು:

```
(set: $time to it + 1)
(if: $time < 2)[ [[ಜಗಲಿಗೆ ಮರಳಿ->ಜಗಲಿ]] ]
(else:)[ [[ದೀಪ ಹಚ್ಚುವ ಹೊತ್ತು->ಸಂಜೆ]] ]
```

‘ಸಂಜೆ’ ಅನ್ನುವುದೇ ನಿಮ್ಮ ಬಾಟಲ್‌ನೆಕ್. ಮನೆ ಕೊಳ್ಳುವವರು ಕಾಗದ ಪತ್ರ ಹಿಡಿದು ಬರುತ್ತಾರೆ. ಯಾವ ಎರಡು ಕಡೆ ಹೋಗಿದ್ದರೂ ಅವರು ಬಂದೇ ಬರುತ್ತಾರೆ. ಒಟ್ಟು ಆರೇ ಪ್ಯಾಸೇಜ್, ಆದರೆ ಬೇರೆ ಬೇರೆ ಎರಡು ಕಡೆಯ ಜೋಡಿಗಳೂ ಆರು. ಇಲ್ಲಿ ಘಟನೆ ಬದಲಾಗಬೇಕಿಲ್ಲ, ಅದರ ಅರ್ಥ ಬದಲಾಗಲಿ. ಅಟ್ಟದಲ್ಲಿ ಅಜ್ಜನ ಪತ್ರ ಸಿಕ್ಕಿದ್ದರೆ ಅಲ್ಲೇ `(set: $letter to true)` ಅಂತ ಬರೆದಿಡಿ. ಸಂಜೆಯ ಪ್ಯಾಸೇಜ್‌ನಲ್ಲಿ ಹೀಗೆ:

```
(if: $letter)[ದೊಡ್ಡಮ್ಮನ ಕಣ್ಣು ನಿಮ್ಮ
ಕೈಯಲ್ಲಿರುವ ಲಕೋಟೆಯ ಮೇಲೇ.]
(else:)[ದೊಡ್ಡಮ್ಮ ಸುಮ್ಮನೆ ಲೋಟ ಮುಂದಿಟ್ಟರು.]
```

ಒಂದು ಸಾಲಿನ ಕೆಲಸ. ಆದರೆ ಪತ್ರ ಓದಿದವರಿಗೆ ಸಹಿ ಹಾಕುವ ಪೆನ್ನೇ ಭಾರವಾಗುತ್ತದೆ. ಅದೇ `$letter` ಇನ್ನೊಂದು ಸಲ ಕೊನೆಯ ಪುಟದಲ್ಲೂ ಬರಲಿ. ಕೂಡಿದ ತಕ್ಷಣ ಒಂದು ಸಣ್ಣ ಪ್ರತಿಧ್ವನಿ, ಓದುಗರು ಮರೆತ ಹೊತ್ತಿಗೆ ಒಂದು ದೊಡ್ಡದು. ಮೋಸ ಅನ್ನುವ ಮಾತು ಆಗ ಬರುವುದಿಲ್ಲ. ಹತ್ತು ದಾರಿ ಸೇರಿಸಿ ಯಾವುದನ್ನೂ ನೆನಪಿಡದೇ ಹೋದರೆ ಮಾತ್ರ ಅದು ಮೋಸ. ನಿಮ್ಮ ಅನುಮಾನ ಅಷ್ಟರ ಮಟ್ಟಿಗೆ ನಿಜ.

ಇದು ಕೆಡುವುದು ಎಲ್ಲಿ ಅಂದರೆ ಬೆಸುಗೆಯಲ್ಲಿ. ನನ್ನ ಮೊದಲ ಆಟದ ಕೂಡುವ ಪ್ಯಾಸೇಜ್ ‘ಕಣ್ಣೊರೆಸಿಕೊಂಡು ಎದ್ದಿರಿ’ ಅಂತ ಶುರುವಾಗಿತ್ತು. ಅಳುವ ದಾರಿಯಿಂದ ಬಂದವರಿಗೆ ಸರಿ. ಜಗಳವಾಡಿ ಬಂದವರು ಸಿಟ್ಟಾದರು. ಎಲ್ಲ ದಾರಿಯವರಿಗೂ ನಿಜವಾಗುವ ವಾಕ್ಯದಿಂದಲೇ ಶುರು ಮಾಡಬೇಕು. ಹೊತ್ತು, ಮಳೆ, ಬಾಗಿಲು ತಟ್ಟಿದ ಸದ್ದು, ಇವು ಯಾರ ಪರವೂ ಅಲ್ಲ. ಇನ್ನೊಂದು ತೊಂದರೆ, ಮೊದಲ ಬೆಲೆ ಕೊಡದೆ ಬಿಟ್ಟ `$letter`ನಂಥ ವೇರಿಯಬಲ್. ಹಾರ್ಲೋ ಅದನ್ನು ಸೊನ್ನೆ ಅಂತ ಓದುತ್ತದೆ. ಆಗ `(if: $letter)` ಅಂತ ಕೇಳಿದರೆ ಹೌದು-ಅಲ್ಲ ಸಿಗದೆ ತಪ್ಪು ತೋರಿಸುತ್ತದೆ. `startup` ಅನ್ನುವ ಟ್ಯಾಗ್ ಇರುವ ಒಂದು ಪ್ಯಾಸೇಜ್‌ನಲ್ಲಿ `$time` ಅನ್ನು ಸೊನ್ನೆಗೂ `$letter` ಅನ್ನು `false`ಗೂ ಮೊದಲೇ ಇಟ್ಟುಬಿಡಿ. ಇಂಥ ಗುರುತುಗಳು ಮೂರು ನಾಲ್ಕು ಇರಲಿ, ಜಾಸ್ತಿ ಬೇಡ. ಎಂಟಾದರೆ 256 ಸ್ಥಿತಿ, ಪರೀಕ್ಷೆ ಮಾಡುವವರು ನೀವೊಬ್ಬರೇ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೆರಡು ಕಾಟವೂ ಇವೆ. ಟ್ವೈನ್‌ನಲ್ಲಿ ಲಿಂಕ್‌ನ ಹೆಸರು ಎಲ್ಲೂ ಹೊಂದದಿದ್ದರೆ ಆ ಹೆಸರಿನ ಹೊಸ ಖಾಲಿ ಡಬ್ಬಿ ಹುಟ್ಟುತ್ತದೆ. ನಮ್ಮ ಕೀಲಿಮಣೆಗಳು ನಡುವೆ ಕಣ್ಣಿಗೆ ಕಾಣದ ಅಕ್ಷರ ತುರುಕಿದರೂ ಹೆಸರು ಬೇರೆಯಾಗಿಬಿಡುತ್ತದೆ. ನಕ್ಷೆಯಲ್ಲಿ ಒಂದೇ ಹೆಸರಿನ ಎರಡು ಡಬ್ಬಿ ಕಂಡರೆ ಗಾಬರಿ ಬೇಡ, ಖಾಲಿ ಡಬ್ಬಿಯನ್ನು ಅಳಿಸಿ, ನಿಜವಾದ ಪ್ಯಾಸೇಜ್‌ನ ಹೆಸರನ್ನು ಕಾಪಿ ಮಾಡಿ ಲಿಂಕ್‌ನಲ್ಲಿ ಅಂಟಿಸಿ. ಎರಡನೆಯದು ವ್ಯಾಕರಣ. ಆಟಗಾರರು ಹೆಣ್ಣೋ ಗಂಡೋ ಅಂತ ಆಯ್ಕೆ ಕೊಟ್ಟಿರೋ, ‘ಬಂದಳು, ಬಂದನು’ ಅಂತ ಪ್ರತಿ ಕ್ರಿಯಾಪದಕ್ಕೂ ಕವಲು ಹುಟ್ಟುತ್ತದೆ. ‘ನೀವು ಬಂದಿರಿ’ ಅಂದರೆ ಜಗಳವೇ ಇಲ್ಲ.

ಇಷ್ಟು ಹೇಳುವಾಗ ಒಂದು ಹಳೇ ಸಿಟ್ಟು ನೆನಪಾಯಿತು. ನಮಗೆ ಬರುವ ಆಟಗಳ ಜೊತೆಗಿನ ಪತ್ರದಲ್ಲಿ ಮೊದಲ ಸಾಲೇ ‘ಇದರಲ್ಲಿ 24 ಅಂತ್ಯಗಳಿವೆ’. ತೆರೆದು ನೋಡಿದರೆ ಹದಿನೆಂಟು ಬರೀ ‘ನೀವು ಸತ್ತಿರಿ’. ಕಾದಂಬರಿಗೆ ಪುಟ, ಮದುವೆಗೆ ಊಟದ ಐಟಂ, ಎಲ್ಲದಕ್ಕೂ ಎಣಿಕೆಯೇ ಅಳತೆ ಆಗಿಹೋಗಿದೆ. ಮನೆ ಮಾರಲು ಬಂದವರಿಗೆ ಇರುವುದು ಎರಡೇ ಅಂತ್ಯ: ಸಹಿ ಹಾಕುವುದು, ಹಾಕದಿರುವುದು. ಮೂರನೆಯದು ಬೇಕಾದರೆ ಪೆನ್ನಿನಲ್ಲಿ ಶಾಯಿ ಮುಗಿದಿತ್ತು ಅನ್ನಬಹುದು, ಅದು ನನಗೂ ಇಷ್ಟ.

ನಿಮ್ಮ 90 ಪ್ಯಾಸೇಜ್ ಬಿಸಾಡಬೇಡಿ. ಮೊದಲು ಫೈಲನ್ನು ಬೇರೆ ಕಡೆ ಇಳಿಸಿಕೊಳ್ಳಿ. ಬ್ರೌಸರ್‌ನಲ್ಲೇ ಬರೆಯುವವರ ಕಥೆ ಬ್ರೌಸರ್‌ನ ಒಳಗೇ ಕೂತಿರುತ್ತದೆ, ಅದನ್ನು ತೊಳೆದ ದಿನ ಕಥೆಯೂ ಹೋಗುತ್ತದೆ. ಆಮೇಲೆ ಆ 90ರಲ್ಲಿ ದೊಡ್ಡಮ್ಮ ಮಾತಾಡುವ ಸಾಲುಗಳನ್ನೆಲ್ಲ ಒಂದು ಕಡೆ ಬರೆದುಕೊಳ್ಳಿ. ಸಂಜೆಯ ಪ್ಯಾಸೇಜ್‌ಗೆ ಬೇಕಾದ `(if:)`ಗಳು ಅಲ್ಲೇ ಸಿಗುತ್ತವೆ.